ಓಇಟಿ ಓದು ಪರೀಕ್ಷೆ: ಒಂದು ತಿಂಗಳ ತಯಾರಿ

ಪೊಳಲಿಯಿಂದ ದಿನವೂ ಬಸ್ಸಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೋಗುವ ನರ್ಸ್ ಸಹೋದರಿಯೊಬ್ಬರು ಬರೆದಿದ್ದಾರೆ: ಬ್ರಿಟನ್ನಿನ ಕೆಲಸಕ್ಕಾಗಿ ಓಇಟಿ ಬರೆಯಬೇಕು, ಓದಿನ ವಿಭಾಗದ ಭಯ, ಉಳಿದಿರುವುದು ಒಂದೇ ತಿಂಗಳು. ಅಭ್ಯಾಸ ಪತ್ರಿಕೆಯೊಂದರ ಉತ್ತರಗಳನ್ನೂ ಕಳುಹಿಸಿದ್ದಾರೆ.

ಈ ವಿಭಾಗಕ್ಕೆ 60 ನಿಮಿಷ, 42 ಪ್ರಶ್ನೆ. ಎ ಭಾಗದಲ್ಲಿ ಒಂದೇ ವಿಷಯದ ನಾಲ್ಕು ಚಿಕ್ಕ ಬರಹಗಳಿಂದ 20 ಉತ್ತರಗಳನ್ನು 15 ನಿಮಿಷದಲ್ಲಿ ಹುಡುಕಬೇಕು. ಆ ಸಮಯ ಮುಗಿದರೆ ಮತ್ತೆ ಎ ಭಾಗಕ್ಕೆ ಮರಳುವಂತಿಲ್ಲ. ಉಳಿದ 45 ನಿಮಿಷ ಬಿ ಭಾಗದ 6 ಮತ್ತು ಸಿ ಭಾಗದ 16 ಪ್ರಶ್ನೆಗಳಿಗೆ.

ಈ ಸಹೋದರಿಗೆ ಎ ಭಾಗದಲ್ಲಿ 11, ಬಿಯಲ್ಲಿ 4, ಸಿಯಲ್ಲಿ 9, ಒಟ್ಟು 24 ಸರಿಯಾಗಿವೆ. ಆದರೆ ಅಂಕಕ್ಕಿಂತ ಮುಖ್ಯ, ತಪ್ಪಿನ ಕಾರಣ. ಅದಕ್ಕಾಗಿ ಅದೇ ಪತ್ರಿಕೆಯ ತಪ್ಪಾದ, ಬಿಟ್ಟ ಪ್ರಶ್ನೆಗಳನ್ನು ಉತ್ತರ ನೋಡದೆ, ಗಡಿಯಾರವಿಲ್ಲದೆ ಹಸಿರು ಪೆನ್ನಿನಲ್ಲಿ ಮತ್ತೆ ಮಾಡಲು ಹೇಳಿದೆ. ಎ ಭಾಗದಲ್ಲಿ ಖಾಲಿ ಬಿಟ್ಟಿದ್ದ 6ರಲ್ಲಿ 5 ಸರಿಯಾದವು. ಅಂದರೆ ಅಲ್ಲಿ ಕೊರತೆ ವೇಗದ್ದು. ಸಿ ಭಾಗದ 7 ತಪ್ಪುಗಳಲ್ಲಿ ಸರಿಯಾದದ್ದು ಎರಡೇ. ಅಲ್ಲಿ ಸಮಯ ಕೊಟ್ಟರೂ ಅರ್ಥವಾಗಿಲ್ಲ.

ಆದ್ದರಿಂದ ಮೊದಲ ವಾರ, ಫಜ್ರ್ ನಮಾಝಿನ ನಂತರ, ದಿನಕ್ಕೊಂದು ಎ ಭಾಗ. ನಾಲ್ಕೂ ಬರಹಗಳನ್ನು ಪೂರ್ತಿ ಓದಬೇಡಿ. ಮೊದಲ ನಿಮಿಷದಲ್ಲಿ ಶೀರ್ಷಿಕೆ, ಕೋಷ್ಟಕ ನೋಡಿ, ಔಷಧಿಯ ಪ್ರಮಾಣ ಎಲ್ಲಿದೆ, ಲಕ್ಷಣಗಳು ಎಲ್ಲಿವೆ ಎಂದು ಗುರುತಿಸಿಕೊಳ್ಳಿ. ನಂತರ ಪ್ರಶ್ನೆ ಓದಿ, ಆ ಜಾಗಕ್ಕೇ ಹೋಗಿ. ಒಂದು ಪ್ರಶ್ನೆಗೆ 45 ಸೆಕೆಂಡಿಗಿಂತ ಕಡಿಮೆ ಸಿಗುತ್ತದೆ, ಸಿಗದಿದ್ದರೆ ಮುಂದೆ ಸಾಗಿ. ಪದವನ್ನು ಬರಹದಲ್ಲಿರುವಂತೆಯೇ ಬರೆಯಿರಿ, ಕಾಗುಣಿತ ತಪ್ಪಿದರೆ ಅಂಕವಿಲ್ಲ.

ಎರಡು ಮತ್ತು ಮೂರನೇ ವಾರ ಸಿ ಭಾಗಕ್ಕೆ. ದಿನಕ್ಕೆ ಒಂದೇ ಲೇಖನ, ಅದರ 8 ಪ್ರಶ್ನೆ. ಪ್ರತಿ ಪ್ಯಾರಾ ಓದಿದ ಮೇಲೆ, ಲೇಖಕರು ಇದನ್ನು ಒಪ್ಪುತ್ತಾರೆಯೇ, ಸಂಶಯ ಪಡುತ್ತಾರೆಯೇ ಎಂದು ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಲೇಖನದ ಪದವೇ ಇರುವ ಆಯ್ಕೆಯನ್ನು ಕಂಡೊಡನೆ ಗುರುತು ಹಾಕುವುದು ಇಲ್ಲಿನ ಸಾಮಾನ್ಯ ತಪ್ಪು. ಪದ ಒಂದೇ ಇದ್ದರೂ ಅರ್ಥ ಬೇರೆ ಇರಬಹುದು. ಬಿ ಭಾಗದ ಚಿಕ್ಕ ಬರಹಗಳನ್ನು ಬಸ್ಸಿನಲ್ಲಿ ಓದಿದರೂ ಸಾಕು. ರಾತ್ರಿ ಪಾಳಿಯ ಮರುದಿನ ಹೊಸ ಪತ್ರಿಕೆ ಬೇಡ, ಹಳೆಯ ತಪ್ಪುಗಳನ್ನು ನೋಡಿ.

ಕೊನೆಯ ವಾರ ದಿನ ಬಿಟ್ಟು ದಿನ, 60 ನಿಮಿಷದ ಪೂರ್ಣ ಪತ್ರಿಕೆ, ಒಟ್ಟು ಮೂರು. ನಡುವಿನ ದಿನಗಳಲ್ಲಿ ಹಸಿರು ಪೆನ್ನಿನ ಕೆಲಸ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ.

ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಓದಿನಲ್ಲಿ 350 ಅಂಕದ ಬಿ ದರ್ಜೆ ಬೇಕು. ವೇಗದ ಕೊರತೆ ಒಂದು ತಿಂಗಳಲ್ಲಿ ಬಹುಮಟ್ಟಿಗೆ ತುಂಬುತ್ತದೆ. ಆದರೆ ಮೂರನೇ ವಾರದ ಕೊನೆಗೂ ಸಿ ಭಾಗದ ಹಸಿರು ಉತ್ತರಗಳು ತಪ್ಪಾಗುತ್ತಿದ್ದರೆ, ಪರೀಕ್ಷೆಯನ್ನು ಮುಂದಕ್ಕೆ ಹಾಕಿ, ಇನ್ನೆರಡು ತಿಂಗಳು ಓದುವುದೇ ಲೇಸು.