ಮೊದಲು ನಂಬರ್ ನೋಡ್ರಿ, ಆಮೇಲೆ ಸಿಮ್ ಹಾಕ್ರಿ

ಸೆಕೆಂಡ್ ಹ್ಯಾಂಡ್ ಫೋನ್ ನೋಡೋಕೆ ಹೋದವರು ಸಾಮಾನ್ಯವಾಗಿ ಮೊದಲು ಮಾಡುವುದೇನು? ತಮ್ಮ ಸಿಮ್ ತೆಗೆದು ಆ ಫೋನಿಗೆ ಹಾಕಿ ಮನೆಗೊಂದು ಕಾಲ್ ಮಾಡುತ್ತಾರೆ. ದನಿ ಚೆನ್ನಾಗಿ ಕೇಳಿಸಿದರೆ ವ್ಯವಹಾರ ಅರ್ಧ ಮುಗಿದ ಹಾಗೆ. ಆದರೆ ಈ ಕೆಲಸ ಕೊನೆಗೆ ಬರಬೇಕು. ಕಳವಾಗಿ ಬ್ಲಾಕ್ ಆದ ಫೋನಿಗೆ ಯಾರಾದರೂ ಸಿಮ್ ಹಾಕಿದರೆ, ಯಾವ ಸಿಮ್ ಅನ್ನೋ ಮಾಹಿತಿ ಪೊಲೀಸರಿಗೆ ಹೋಗುವ ವ್ಯವಸ್ಥೆ ಈಗ ಇದೆ. ಫೋನ್ ಬೇಡ ಅಂತ ನೀವು ವಾಪಸ್ ಕೊಟ್ಟು ಬಂದರೂ ನಿಮ್ಮ ನಂಬರ್ ಮಾತ್ರ ಅಲ್ಲಿ ಉಳಿದಿರುತ್ತದೆ.

ಪ್ರತಿ ಮೊಬೈಲಿಗೂ ಐಎಂಇಐ ಅಂತ 15 ಅಂಕಿಯ ಒಂದು ಗುರುತಿನ ಸಂಖ್ಯೆ ಇರುತ್ತದೆ. ಎರಡು ಸಿಮ್ ಹಾಕುವ ಫೋನಾದರೆ ಎರಡು ಸಂಖ್ಯೆ. ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಎಂಬ ದಾಖಲೆ ವ್ಯವಸ್ಥೆ 2023ರ ಮೇ ತಿಂಗಳಿಂದ ಇಡೀ ದೇಶಕ್ಕೆ ಸಿಕ್ಕಿದೆ. ಫೋನ್ ಕಳಕೊಂಡವರು ಪೊಲೀಸ್ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ಪಡೆದು, ಸಂಚಾರ್ ಸಾಥಿ ಜಾಲತಾಣದಲ್ಲಿ ಕೋರಿಕೆ ಹಾಕಿದರೆ 24 ಗಂಟೆಯೊಳಗೆ ಆ ಫೋನ್ ದೇಶದ ಎಲ್ಲಾ ಕಂಪನಿಗಳ ನೆಟ್‌ವರ್ಕಿನಲ್ಲೂ ಬ್ಲಾಕ್ ಆಗುತ್ತದೆ. ಒಂದು ಮಾತು ನೆನಪಿರಲಿ, ಬ್ಲಾಕ್ ಆಗುವುದು ಸಿಮ್ ಮೂಲಕ ಬರುವ ನೆಟ್‌ವರ್ಕ್ ಮಾತ್ರ. ವೈಫೈ, ಕ್ಯಾಮೆರಾ, ಯೂಟ್ಯೂಬ್ ಎಲ್ಲಾ ಮೊದಲಿನಂತೆಯೇ ನಡೆಯುತ್ತವೆ. ಹಾಗಾಗಿ ಮಾರುವವರು ಹಾಟ್‌ಸ್ಪಾಟ್ ಹಾಕಿ ವಿಡಿಯೊ ತೋರಿಸಿ "ನೋಡ್ರಿ, ಹೆಂಗ್ ಓಡ್ತೈತಿ" ಅಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಈಗ ಪರೀಕ್ಷೆಗೆ ಬರೋಣ. ಫೋನನ್ನು ನಿಮ್ಮ ಕೈಗೇ ತಗೊಂಡು, ಡಯಲ್ ಮಾಡುವ ಜಾಗದಲ್ಲಿ ನೀವೇ `*#06#` ಒತ್ತಿರಿ. ಐಎಂಇಐ ಸಂಖ್ಯೆಗಳು ತೆರೆಯ ಮೇಲೆ ಬರುತ್ತವೆ. ಅವುಗಳ ಫೋಟೊ ತೆಗೆದಿಟ್ಟುಕೊಳ್ಳಿ. ನಂತರ ನಿಮ್ಮದೇ ಹಳೆಯ ಫೋನಿನಿಂದ 14422ಗೆ ಹೀಗೆ ಎಸ್ಎಂಎಸ್ ಕಳಿಸಿ. ಕೆಳಗಿನ ಅಂಕಿಗಳ ಜಾಗದಲ್ಲಿ ಆ ಫೋನಿನ ಸಂಖ್ಯೆ ಇರಲಿ:

```
KYM 123456789012345
```

ಎರಡು ಐಎಂಇಐ ಇದ್ದರೆ ಎರಡಕ್ಕೂ ಬೇರೆ ಬೇರೆ ಕಳಿಸಬೇಕು. ಸಂಚಾರ್ ಸಾಥಿ ಆ್ಯಪಿನಲ್ಲೂ ಇದನ್ನೇ ನೋಡಬಹುದು. ಉತ್ತರದಲ್ಲಿ ಬ್ಲ್ಯಾಕ್‌ಲಿಸ್ಟೆಡ್, ಡೂಪ್ಲಿಕೇಟ್ ಅಥವಾ ಆಲ್‌ರೆಡಿ ಇನ್ ಯೂಸ್ ಅಂತ ಬಂದರೆ ಕೊಳ್ಳಬೇಡಿ ಅಂತ ಇಲಾಖೆಯೇ ಹೇಳುತ್ತದೆ.

ಬಹಳ ಜನ ಉತ್ತರದಲ್ಲಿ "ವ್ಯಾಲಿಡ್" ಅನ್ನುವ ಪದ ಕಂಡ ಕೂಡಲೇ ಓದುವುದು ನಿಲ್ಲಿಸುತ್ತಾರೆ. ಅದರ ಜೊತೆಗೇ ಕಂಪನಿ ಮತ್ತು ಮಾಡೆಲ್ ಹೆಸರೂ ಬಂದಿರುತ್ತದೆ, ಅದನ್ನೂ ಓದಬೇಕು. ಐಎಂಇಐಯ ಮೊದಲ 8 ಅಂಕಿಗಳು ಯಾವ ಮಾಡೆಲ್ ಅನ್ನುವುದನ್ನು ಹೇಳುತ್ತವೆ. ಕಳ್ಳ ಫೋನಿನ ಸಂಖ್ಯೆ ಅಳಿಸಿ ಬೇರೆ ಸಂಖ್ಯೆ ಕೂರಿಸುವವರು, ಸಾಮಾನ್ಯವಾಗಿ ಇನ್ಯಾವುದೋ ಅಸಲಿ ಫೋನಿನ ಸಂಖ್ಯೆ ಬಳಸುತ್ತಾರೆ. ಆಗ ಉತ್ತರ ವ್ಯಾಲಿಡ್ ಅಂತಲೇ ಬರಬಹುದು.

ನವನಗರದ ನಮ್ಮ ಪಕ್ಕದ ಮನೆಯ ಅಕ್ಕಾರು ಕಾಲೇಜಿಗೆ ಹೋಗುವ ಮಗನಿಗೆ ಅಂತ 9,500 ರೂಪಾಯಿಯ ಒಂದು ಫೋನ್ ನೋಡಿದ್ದರು. ವಾರಗಟ್ಟಲೆ ಹೊಲಿಗೆ ಹಾಕಿ ಕೂಡಿಸಿದ ದುಡ್ಡು. ಉಣಕಲ್ ಹತ್ತಿರ ಮಾರುವವರನ್ನು ಭೇಟಿಯಾಗೋಕೆ ನನ್ನನ್ನೂ ಕರೆದರು. ಫೋನ್ ಫಳಫಳ ಅಂತಿತ್ತು. ಎಸ್ಎಂಎಸ್ ಉತ್ತರವೂ ವ್ಯಾಲಿಡ್ ಅಂತಲೇ ಬಂತು. ಆದರೆ ಅದರಲ್ಲಿದ್ದದ್ದು ಬೇರೆ ಕಂಪನಿಯ, ಬಹಳ ಕಡಿಮೆ ಬೆಲೆಯ ಒಂದು ಮಾಡೆಲ್.

"ಅಣ್ಣಾರ, ಇದರಾಗ ಬ್ಯಾರೆ ಫೋನಿನ ಹೆಸರು ಬರಾಕತ್ತೈತಲ್ರಿ?" ಅಂದೆ.

"ಅದಾ? ನೀರಾಗ ಬಿದ್ದಿತ್ರಿ, ಬೋರ್ಡ್ ಚೇಂಜ್ ಮಾಡ್ಸೇನಿ," ಅಂದರು.

ಕೇಳೋಕೆ ಸರಿ ಅನಿಸುವ ಮಾತು. ಬೋರ್ಡ್ ಬದಲಾದರೆ ಐಎಂಇಐ ಬದಲಾಗುವುದು ನಿಜ. ಆಗ ಡಬ್ಬಿಯ ಮೇಲಿನ ಸಂಖ್ಯೆ ಮತ್ತು ತೆರೆಯ ಮೇಲಿನ ಸಂಖ್ಯೆ ಹೊಂದುವುದಿಲ್ಲ, ಅದಕ್ಕೆ ಸರ್ವಿಸ್ ಸೆಂಟರಿನ ಜಾಬ್ ಶೀಟ್ ಇರುತ್ತದೆ. ಆದರೆ ಒಂದು ಮಾಡೆಲಿಗೆ ಆ ಮಾಡೆಲಿನ ಬೋರ್ಡೇ ಕೂರಬೇಕು. ಸಂಖ್ಯೆ ಬೇರೆಯಾದರೂ ಮಾಡೆಲ್ ಹೆಸರು ಅದೇ ಬರಬೇಕಿತ್ತು. ಹೆಸರೇ ಬೇರೆ ಬಂದಿದೆ ಅಂದರೆ ಯಾರೋ ಸಂಖ್ಯೆಯನ್ನೇ ತಿದ್ದಿದ್ದಾರೆ ಅನ್ನುವ ಅನುಮಾನ ಬಲವಾಗುತ್ತದೆ. 2023ರ ದೂರಸಂಪರ್ಕ ಕಾಯ್ದೆಯಡಿ ಹೀಗೆ ತಿದ್ದುವುದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಗೊತ್ತಿದ್ದೂ ಅಂಥ ಫೋನ್ ಇಟ್ಟುಕೊಳ್ಳುವುದೂ ಅಪರಾಧವೇ. ಅಕ್ಕಾರು ದುಡ್ಡಿನ ಚೀಲ ಮತ್ತೆ ಸೊಂಟಕ್ಕೆ ಸಿಗಿಸಿಕೊಂಡರು.

ಸಂಖ್ಯೆ, ಮಾಡೆಲ್ ಎರಡೂ ಸರಿ ಇದ್ದರೆ ಮುಂದಿನದು ಲಾಕ್. ಮಾರುವವರು ತಮ್ಮ ಗೂಗಲ್ ಖಾತೆ, ಐಫೋನ್ ಆದರೆ ಆ್ಯಪಲ್ ಖಾತೆ, ನಿಮ್ಮೆದುರಿಗೇ ಸೆಟ್ಟಿಂಗ್ಸ್ ಒಳಗೆ ಹೋಗಿ ತೆಗೆಯಲಿ. ಆಮೇಲೆ ಅಲ್ಲೇ ಫ್ಯಾಕ್ಟರಿ ರಿಸೆಟ್ ಮಾಡಲಿ. "ಮನ್ಯಾಗ ರಿಸೆಟ್ ಮಾಡೇ ತಂದೇನ್ರಿ" ಅಂದರೆ ಒಪ್ಪಬೇಡಿ. ಫೋನ್ ಮತ್ತೆ ಶುರುವಾದಾಗ ನಿಮ್ಮ ಹಾಟ್‌ಸ್ಪಾಟಿಗೆ ಸೇರಿಸಿ, ಹೋಮ್ ಸ್ಕ್ರೀನ್ ಬರುವ ತನಕ ನೀವೇ ಮುಂದುವರಿಸಿ. ನಡುವೆ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಈ ಸಾಧನ ಒಂದು ಸಂಸ್ಥೆಯ ನಿಯಂತ್ರಣದಲ್ಲಿದೆ ಅನ್ನುವ ಅರ್ಥದ ಸಾಲು ಬಂದರೆ, ಅದು ಇಎಂಐ ಬಾಕಿ ಇರುವ ಫೋನ್ ಆಗಿರಬಹುದು. ಕಂತು ತಪ್ಪಿದರೆ ಸಾಲ ಕೊಟ್ಟವರು ದೂರದಿಂದಲೇ ಅದನ್ನು ಲಾಕ್ ಮಾಡಬಲ್ಲರು. ಸಾಲ ತೀರಿದ ಪತ್ರ ನೋಡದೆ ಮುಂದುವರಿಯಬೇಡಿ.

ಇಷ್ಟಾದ ಮೇಲೆ ನಿಮ್ಮ ಸಿಮ್ ಹಾಕಿ, ಒಂದೊಂದೇ ಸ್ಲಾಟಿನಲ್ಲಿ. ಅಡಗಿರುವ ದೋಷಗಳು ತಣ್ಣಗಿರುವ ಫೋನಿನಲ್ಲಿ ಕಾಣುವುದು ಕಡಿಮೆ. ಬಿದ್ದ ಫೋನಿನಲ್ಲಿ ಚಿಪ್ಪಿನ ಅಡಿಯ ಬೆಸುಗೆ ಬಿರುಕು ಬಿಟ್ಟಿದ್ದರೆ, ಬಿಸಿಯಾದಾಗ ಸಂಪರ್ಕ ತಪ್ಪಿ ನೆಟ್‌ವರ್ಕ್ ಹೋಗುತ್ತದೆ, ಇಲ್ಲವೇ ಫೋನ್ ತಾನೇ ರಿಸ್ಟಾರ್ಟ್ ಆಗುತ್ತದೆ. ಅದಕ್ಕೇ ಒಂದು 20 ನಿಮಿಷ ಕ್ಯಾಮೆರಾದಲ್ಲಿ ವಿಡಿಯೊ ಹಿಡಿಯುತ್ತಾ ಅದನ್ನು ಬಿಸಿಯಾಗಲು ಬಿಡಿ. ಆಗ ಬ್ಯಾಟರಿ ಸರ್ರನೆ ಇಳಿಯುತ್ತದಾ ನೋಡಿ, ಆಮೇಲೆ ಕಾಲ್ ಮಾಡಿ. ಒಂದು ಆ್ಯಪ್ ಐಕಾನ್ ಒತ್ತಿ ಹಿಡಿದು ತೆರೆಯ ಮೂಲೆಮೂಲೆಗೂ ಎಳೆಯಿರಿ. ಟಚ್ ಸತ್ತ ಜಾಗದಲ್ಲಿ ಐಕಾನ್ ಕೈಬಿಟ್ಟು ಹೋಗುತ್ತದೆ. ಸ್ಯಾಮ್‌ಸಂಗ್ ಫೋನಾದರೆ `*#0*#`, ಶಿಯೋಮಿ ಆದರೆ `*#*#6484#*#*` ಒತ್ತಿದರೆ ಹಲವು ಮಾಡೆಲ್‌ಗಳಲ್ಲಿ ಕಂಪನಿಯದ್ದೇ ಪರೀಕ್ಷೆಯ ಪುಟ ತೆರೆಯುತ್ತದೆ.

ಇಷ್ಟೆಲ್ಲಾ ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ನಿನ್ನೆ ಸಂಜೆ ಸಿಬಿಟಿಯಲ್ಲಿ ಕಳವಾದ ಫೋನಿನ ಮಾಲೀಕರು ಇನ್ನೂ ದೂರು ಕೊಡದೇ ಇರಬಹುದು. ಎಸ್ಎಂಎಸ್ ಹೇಳುವುದು ಈ ಕ್ಷಣದ ಸ್ಥಿತಿ ಮಾತ್ರ, ನಾಲ್ಕು ದಿನ ಬಿಟ್ಟು ಅದೇ ಫೋನ್ ಬ್ಲಾಕ್ ಆಗಬಹುದು. ಅದಕ್ಕೆ ಇರುವ ರಕ್ಷಣೆ ಕಾಗದ. ಮೂಲ ಬಿಲ್ ಇರಲಿ, ಅದರ ಮೇಲಿನ ಐಎಂಇಐ ತೆರೆಯ ಸಂಖ್ಯೆಗೆ ಹೊಂದಲಿ. ಒಂದು ಹಾಳೆಯ ಮೇಲೆ ಎರಡೂ ಐಎಂಇಐ, ಬೆಲೆ, ತಾರೀಖು ಬರೆದು ಮಾರುವವರ ಸಹಿ ಮತ್ತು ಗುರುತಿನ ಚೀಟಿಯ ಪ್ರತಿ ತಗೊಳ್ಳಿ. ದುಡ್ಡನ್ನು ಅವರ ಹೆಸರಿನ ಖಾತೆಗೇ ಯುಪಿಐ ಮಾಡಿ. ನಾಳೆ ಠಾಣೆಯಿಂದ ಕರೆ ಬಂದರೆ ಫೋನ್ ಕೈಬಿಟ್ಟು ಹೋಗಬಹುದು, ಆದರೆ ಅದು ನಿಮ್ಮ ಕೈಗೆ ಹೇಗೆ ಬಂತು ಅನ್ನೋದಕ್ಕೆ ನಿಮ್ಮ ಹತ್ತಿರ ಉತ್ತರ ಇರುತ್ತದೆ. ಸಹಿ ಅಂದ ಕೂಡಲೇ "ಇಷ್ಟಕ್ಕೆಲ್ಲಾ ಕಾಗದ ಯಾಕ್ರಿ?" ಅನ್ನುವವರ ಫೋನ್ ಎಷ್ಟೇ ಅಗ್ಗ ಇದ್ದರೂ ಅಲ್ಲೇ ಬಿಟ್ಟು ಬನ್ನಿ.