ಸಂಬಳದ ಸ್ಲಿಪ್ಪಿನಲ್ಲಿ ‘ಬೇಸಿಕ್’ ಯಾಕೆ ಅಷ್ಟು ಕಮ್ಮಿ?

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದದ್ದು ನಿಮಗೆ ನೆನಪಿರಬಹುದು. ಪಿಎಫ್ ದುಡ್ಡು ತೆಗೆಯುವುದಕ್ಕೆ ಕೇಂದ್ರ ಸರ್ಕಾರ ತಂದಿದ್ದ ಹೊಸ ನಿಯಮವನ್ನು ಎರಡೇ ದಿನದಲ್ಲಿ ವಾಪಸ್ ತಗೊಂಡಿತು. ಅವತ್ತಿನ ಜಗಳ ದುಡ್ಡು ಯಾವಾಗ ತೆಗೆಯಬಹುದು ಅನ್ನೋದರ ಬಗ್ಗೆ. ಖಾತೆಗೆ ಎಷ್ಟು ದುಡ್ಡು ಬೀಳುತ್ತೆ ಅನ್ನೋದನ್ನು ತೀರ್ಮಾನಿಸೋದು ಸಂಬಳದ ಸ್ಲಿಪ್ಪು. ಅದನ್ನು ನಾವು ಓದೋದೇ ಇಲ್ಲ.

ಒಂದು ಲೆಕ್ಕ ನೋಡೋಣ. ದೊಡ್ಡಬಳ್ಳಾಪುರದ ಒಂದು ಫ್ಯಾಕ್ಟರಿಯಲ್ಲಿ ಒಬ್ಬರಿಗೆ ತಿಂಗಳಿಗೆ 18,000 ರೂಪಾಯಿ ಸಂಬಳ ಅಂತಿಟ್ಟುಕೊಳ್ಳಿ. ಸ್ಲಿಪ್ಪಿನಲ್ಲಿ ಬೇಸಿಕ್ ಮತ್ತು ಡಿಎ ಸೇರಿ 9,000, ಮನೆ ಬಾಡಿಗೆ ಭತ್ಯೆ 3,000, ಪ್ರಯಾಣ ಭತ್ಯೆ 2,000, ‘ಸ್ಪೆಷಲ್ ಅಲೋಯನ್ಸ್’ 4,000. ಮಾಲೀಕರು 9,000ಕ್ಕೆ ಮಾತ್ರ ಶೇಕಡಾ 12ರಂತೆ ಪಿಎಫ್ ಕಟ್ಟುತ್ತಾರೆ. ಅಂದರೆ 1,080 ರೂಪಾಯಿ. ಕೆಲಸಗಾರರ ಪಾಲೂ ಅಷ್ಟೇ.

ಇದು ಸರಿಯೇ? ‘ವಿವೇಕಾನಂದ ವಿದ್ಯಾಮಂದಿರ’ ಪ್ರಕರಣ ಅಂತ ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 2019ರ ಫೆಬ್ರವರಿ 28ರಂದು ಉತ್ತರ ಕೊಟ್ಟಿದೆ. ಹೆಸರು ಏನೇ ಇರಲಿ, ಎಲ್ಲರಿಗೂ ಒಂದೇ ಸಮನಾಗಿ, ತಪ್ಪದೆ ಕೊಡುವ ಭತ್ಯೆ ಬೇಸಿಕ್ಕಿನ ಭಾಗವೇ. ಹೆಚ್ಚು ಕೆಲಸ ಮಾಡಿದ್ದಕ್ಕೆ ಕೊಟ್ಟದ್ದು, ಅಥವಾ ಕೆಲವರಿಗೆ ಮಾತ್ರ ಸಲ್ಲುವಂಥದ್ದು ಅಂತ ಮಾಲೀಕರು ತೋರಿಸಿದರೆ ಮಾತ್ರ ಅದು ಹೊರಗೆ ಉಳಿಯುತ್ತೆ. ಈ ಲೆಕ್ಕದಲ್ಲಿ ಸ್ಪೆಷಲ್ ಭತ್ಯೆ ಎಲ್ಲರಿಗೂ ಸಿಗುತ್ತಿದ್ದರೆ ಪಿಎಫ್ 13,000ಕ್ಕೆ ಕಟ್ಟಬೇಕು. ಮಾಲೀಕರ ಪಾಲು 1,560 ಆಗುತ್ತೆ, ತಿಂಗಳಿಗೆ 480 ಹೆಚ್ಚು, ವರ್ಷಕ್ಕೆ 5,760. ಇದರಲ್ಲಿ ಒಂದು ಭಾಗ ಪೆನ್ಷನ್ನಿಗೂ ಹೋಗುತ್ತೆ. ನಿಮ್ಮ ಪಾಲೂ 480 ಏರುವುದರಿಂದ ಕೈಗೆ ಬರೋದು ಅಷ್ಟು ಇಳಿಯುತ್ತೆ, ಅದನ್ನು ಮುಚ್ಚಿಡಬಾರದು. ಆದರೆ ಮಾಲೀಕರು ತಮ್ಮ ಪಾಲನ್ನು ಸರಿದೂಗಿಸೋಕೆ ನಿಮ್ಮ ಸಂಬಳ ಇಳಿಸುವ ಹಾಗಿಲ್ಲ.

ಎಲ್ಲ ಕಡೆಯೂ ಈ ವಾದ ನಡೆಯಲ್ಲ. ಮನೆ ಬಾಡಿಗೆ ಭತ್ಯೆ ಮತ್ತು ಓಟಿಯನ್ನು ಪಿಎಫ್ ಕಾನೂನೇ ಹೊರಗಿಟ್ಟಿದೆ. ಬೇಸಿಕ್ ಮತ್ತು ಡಿಎ ಈಗಾಗಲೇ 15,000 ಮುಟ್ಟಿದ್ದರೆ, ಅದಕ್ಕಿಂತ ಮೇಲೆ ಪಿಎಫ್ ಕಟ್ಟಿ ಅಂತ ಒತ್ತಾಯಿಸೋಕೆ ಆಗಲ್ಲ.

ಗ್ರಾಚ್ಯುಟಿಯ ಕಥೆ ಬೇರೆ. 1972ರ ಕಾಯ್ದೆ ‘ಬೇರೆ ಯಾವುದೇ ಭತ್ಯೆ’ಯನ್ನು ಪೂರ್ತಿ ಹೊರಗಿಟ್ಟಿತ್ತು. ಹಾಗಾಗಿ ಪಿಎಫ್ ತೀರ್ಪು ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತಿರಲಿಲ್ಲ. ಕೊನೆಯ ಸಂಬಳವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು ಗ್ರಾಚ್ಯುಟಿ ಸೂತ್ರ. 9,000ಕ್ಕೆ 10 ವರ್ಷದ ಗ್ರಾಚ್ಯುಟಿ 51,923 ರೂಪಾಯಿ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಪ್ರಕಾರ ವೇತನದಿಂದ ಹೊರಗಿಡಬಹುದಾದ ಬಾಬತ್ತುಗಳ ಪಟ್ಟಿಯೇ ಇದೆ. ಅದರಲ್ಲಿ ಮನೆ ಬಾಡಿಗೆ, ಪ್ರಯಾಣ, ಓಟಿ ಇವೆ. ಬರೀ ‘ಸ್ಪೆಷಲ್’ ಅಂತ ಹೆಸರಿಟ್ಟದ್ದು ಆ ಪಟ್ಟಿಯಲ್ಲಿಲ್ಲ. ಆ 4,000 ಸೇರಿಸಿದರೆ ವೇತನ 13,000, ಗ್ರಾಚ್ಯುಟಿ 75,000 ರೂಪಾಯಿ. ಮಾಲೀಕರು ಬುದ್ಧಿವಂತಿಕೆ ಮಾಡಿ ಬೇಸಿಕ್ 6,000, ಬಾಡಿಗೆ 12,000 ಅಂತ ಬರೆದರೆ? ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧವನ್ನು ದಾಟಿದರೆ, ದಾಟಿದಷ್ಟು ವೇತನಕ್ಕೆ ವಾಪಸ್ ಸೇರುತ್ತೆ. ಇಲ್ಲಿ ಅರ್ಧ ಅಂದರೆ 9,000, ದಾಟಿದ್ದು 3,000. ವೇತನ 9,000ಕ್ಕಿಂತ ಕೆಳಗೆ ಹೋಗಲ್ಲ.

ಸವಾಲು ಹಾಕೋಕೆ ಒಬ್ಬರ ಸ್ಲಿಪ್ಪು ಸಾಲದು. ಒಂದೇ ವಿಭಾಗದ ನಾಲ್ಕೈದು ಜನ ತಮ್ಮ ಮೂರು ನಾಲ್ಕು ತಿಂಗಳ ಸ್ಲಿಪ್ಪುಗಳನ್ನು ಜೊತೆಗಿಟ್ಟು ನೋಡಿ. ಸ್ಪೆಷಲ್ ಅಲೋಯನ್ಸ್ ಎಲ್ಲರದೂ ಒಂದೇ ಅಂಕಿ, ಪ್ರತಿ ತಿಂಗಳೂ ಅದೇ ಅಂಕಿ ಅಂದರೆ ಅದೇ ನಿಮ್ಮ ಸಾಕ್ಷಿ. ಉತ್ಪಾದನೆಗೆ ತಕ್ಕಂತೆ ಏರಿಳಿಯುತ್ತಿದ್ದರೆ ವಾದ ನಿಲ್ಲಲ್ಲ. ಪಿಎಫ್ ಪಾಸ್‌ಬುಕ್ಕಿನಲ್ಲಿ ಯಾವ ವೇತನಕ್ಕೆ ಕಟ್ಟಿದ್ದಾರೆ ಅಂತ ನೋಡಿ, ನೇಮಕಾತಿ ಪತ್ರದ ಜೊತೆ ಪಿಎಫ್ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಪಿಎಫ್ ಆಯುಕ್ತರಿಗೆ ವಿಚಾರಣೆ ಮಾಡಿ ಬಾಕಿ ನಿಗದಿ ಮಾಡುವ ಅಧಿಕಾರವಿದೆ. ಗ್ರಾಚ್ಯುಟಿಗಾದರೆ ಕಾರ್ಮಿಕ ಇಲಾಖೆಯ ಸಕ್ಷಮ ಪ್ರಾಧಿಕಾರಕ್ಕೆ ಹೋಗಬೇಕು.

ನನ್ನ ಅಭಿಪ್ರಾಯ ಇಷ್ಟೇ. ಭತ್ಯೆ ಕೊಡೋದರಲ್ಲಿ ತಪ್ಪಿಲ್ಲ. ಆದರೆ ಅದು ಯಾವ ಖರ್ಚಿಗೆ, ಯಾವ ಕೆಲಸಕ್ಕೆ ಅಂತ ಹೇಳೋಕೆ ಆಗದಿದ್ದರೆ, ಅದು ಬೇರೆ ಹೆಸರಿಟ್ಟ ಸಂಬಳ. ಈ ತಿಂಗಳ ಸ್ಲಿಪ್ಪು ಕೈಗೆ ಬಂದಾಗ ಎಚ್‌ಆರ್ ಹತ್ತಿರ ಅದೊಂದೇ ಪ್ರಶ್ನೆ ಕೇಳಿ: ಈ ‘ಸ್ಪೆಷಲ್’ ಯಾಕೆ ಕೊಡ್ತೀರಿ?