ಮುನ್ನುಡಿಯ ಬಾಗಿಲು ಯಾರಿಗೆ?

ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯಿದೆಯನ್ನು ಹಳ್ಳಿಯ ಹೆಂಗಸರಿಗೆ ತಿಳಿಸಲು ನಮ್ಮ ಕಡೂರು ಕಡೆಯ ಕೆಲವು ಗೆಳತಿಯರು ಒಂದು ಕೈಪಿಡಿ ಬರೆದಿದ್ದಾರೆ. ಅದರ ಮುನ್ನುಡಿಯ ಕರಡನ್ನು ತಿದ್ದಿಕೊಡಿ ಎಂದು ದೇವನೂರಿಗೆ ಕಳಿಸಿದರು. ಮೊದಲ ಸಾಲು ಹೀಗಿತ್ತು: ‘ನೂರು ಕನಸು ಹೊತ್ತು ಗಂಡನ ಮನೆಗೆ ಬಂದ ನವವಧುವೇ, ನಿನ್ನ ಮುತ್ತೈದೆ ಬಾಳಿಗೆ ಕುತ್ತು ಬಂದರೆ ಕಾನೂನು ನಿನ್ನ ಜೊತೆಗಿದೆ.’

ಕೇಳಲು ಇಂಪಾಗಿದೆ. ಆದರೆ ಮಗನ ಹೊಡೆತ ತಿನ್ನುವ ವಿಧವೆ ತಾಯಿ ಇದನ್ನು ಕೇಳಿದರೆ ‘ಇದು ನನಗಲ್ಲ’ ಎಂದು ಎದ್ದು ಹೋಗುತ್ತಾಳೆ. ಅಣ್ಣನ ಮನೆಯಲ್ಲಿರುವ ಮದುವೆಯಾಗದ ತಂಗಿಯೂ ಅಷ್ಟೇ. ಮುತ್ತೈದೆ ಎಂಬ ಮಾತಿಲ್ಲದ ಧರ್ಮದವರೂ ಅಷ್ಟೇ. ಕಾಯಿದೆಯಾದರೋ ಇವರೆಲ್ಲರನ್ನೂ ಒಳಗೆ ಕರೆದಿದೆ. ರಕ್ತಸಂಬಂಧ, ಮದುವೆ, ಮದುವೆಯಂಥ ಸಂಬಂಧ, ದತ್ತು, ಕೂಡುಕುಟುಂಬ, ಯಾವುದರಿಂದಲಾದರೂ ಒಂದೇ ಮನೆಯಲ್ಲಿ ಬಾಳುವ ಅಥವಾ ಹಿಂದೆ ಬಾಳಿದ ಯಾವ ಮಹಿಳೆಯಾದರೂ ದೂರು ಕೊಡಬಹುದು. ಕಾನೂನು ತೆರೆದ ಬಾಗಿಲನ್ನು ಮುನ್ನುಡಿ ಮುಚ್ಚಬಾರದಲ್ಲವೇ? ‘ಒಂದೇ ಸೂರಿನಡಿ ಬಾಳುವವರಿಂದ ಹೊಡೆತ, ಬೈಗುಳ, ಬೆದರಿಕೆ ಅನುಭವಿಸುತ್ತಿರುವ ಯಾವ ಹೆಂಗಸಿಗಾದರೂ ಈ ಪುಸ್ತಕ’ ಎಂದು ಬರೆದೆ. ಕನಸುಗಳು ಹೋದವು, ಹೋಗಲಿ.

ಮುಂದಿನ ಸಾಲು, ‘ವಿದ್ಯಾವಂತ ಸೋದರಿಯರು ರಕ್ಷಣಾಧಿಕಾರಿಗೆ ಅರ್ಜಿ ಬರೆಯಬೇಕು.’ ಓದಲು ಬಾರದವಳಿಗೆ ಇದು ಅವಮಾನ ಮಾತ್ರವಲ್ಲ, ತಪ್ಪು ಮಾಹಿತಿಯೂ ಹೌದು. 2006ರ ನಿಯಮಗಳ ಪ್ರಕಾರ ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಬರೆಸಿಕೊಳ್ಳುವುದು ಅಧಿಕಾರಿಯ ಹೊಣೆ. ಅವಳ ಪರವಾಗಿ ಬೇರೆಯವರೂ ತಿಳಿಸಬಹುದು. ‘ಬರೆದಾದರೂ ಸರಿ, ಹೇಳಿಯಾದರೂ ಸರಿ’ ಎಂದು ತಿದ್ದಿದೆ.

‘ಹಿಂಸಿಸುವ ಗಂಡ’ ಎಂಬಲ್ಲಿ ‘ಹಿಂಸಿಸುವವರು’ ಎಂದು ಹಾಕಿದೆ. ಕನ್ನಡದ ‘ಅವರು’ ಗಂಡಿಗೂ ಹೆಣ್ಣಿಗೂ ಒಪ್ಪುವ ಅನುಕೂಲದ ಪದ. ಎದುರುಕಕ್ಷಿ ‘ವಯಸ್ಕ ಪುರುಷ’ನೇ ಆಗಿರಬೇಕೆಂಬ ಮಾತನ್ನು ಸುಪ್ರೀಂ ಕೋರ್ಟು 2016ರಲ್ಲಿ ಹೀರಲ್ ಹರ್ಸೋರಾ ಪ್ರಕರಣದಲ್ಲಿ ತೆಗೆದುಹಾಕಿದ ಮೇಲೆ ಈ ಪದವೇ ಸರಿ. ಅತ್ತೆ, ನಾದಿನಿಯರೂ ಅದರಲ್ಲಿ ಬರುತ್ತಾರೆ.

ಇಷ್ಟು ನೋಡಿದ ಒಬ್ಬ ಗೆಳತಿ ಉತ್ಸಾಹದಿಂದ ಇನ್ನೂ ಮುಂದೆ ಹೋಗಿ, ‘ಕುಟುಂಬದ ವ್ಯಕ್ತಿಗಳ ನಡುವೆ ಹಿಂಸೆ ಉಂಟಾಗುತ್ತದೆ’ ಎಂದು ಬರೆದಳು. ಇದನ್ನು ನಾನು ಒಪ್ಪಲಿಲ್ಲ. ಮಳೆ ಬಂದ ಹಾಗೆ ಹಿಂಸೆ ತಾನೇ ಉಂಟಾಗುತ್ತದೆಯೇ? ಈ ಸಾಲಿನಲ್ಲಿ ಹೊಡೆದವರೂ ಇಲ್ಲ, ಹೊಡೆಸಿಕೊಂಡವರೂ ಇಲ್ಲ. ಮೇಲಾಗಿ ಈ ಕಾಯಿದೆಯಡಿ ದೂರುದಾರಳು ಮಹಿಳೆಯೇ. ಅಲ್ಲಿ ‘ವ್ಯಕ್ತಿ’ ಎಂದರೆ ಓದುವವರಿಗೆ ದಾರಿ ತಪ್ಪುತ್ತದೆ. ಯಾವ ವಯಸ್ಸು, ಯಾವ ಜಾತಿ, ಮದುವೆಯಾಯಿತೋ ಇಲ್ಲವೋ ಎಂಬುದನ್ನು ಊಹಿಸದೆ ಬಿಡೋಣ, ಆದರೆ ‘ಹೆಂಗಸು’ ಎಂಬ ಪದ ಉಳಿಯಲಿ ಎಂದೆ.

‘ಮಾನಕ್ಕೆ ಅಂಜುವ ಹೆಣ್ಣು’ ಎಂಬ ಸಾಲಿನ ಬಗ್ಗೆ ಮಾತ್ರ ನಮ್ಮ ವಾದ ಇನ್ನೂ ಮುಗಿದಿಲ್ಲ. ಕರಡು ಮತ್ತೆ ಕಡೂರಿಗೆ ಹೋಗಿದೆ.